ಕಾರ್ಖಾನೆಗೆ ಬೀಗ ಬಿದ್ದ ಮೇಲೆ: ಬಾಕಿ ಹಣಕ್ಕಾಗಿ ಕಾರ್ಮಿಕ ಇಲಾಖೆಗೆ ಪತ್ರ ಬರೆಯುವ ಕ್ರಮ

ಗಾರ್ಮೆಂಟ್ಸ್ ಕಾರ್ಖಾನೆಗಳು ಹೇಳಿ ಮುಚ್ಚುವುದು ಅಪರೂಪ. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಆಮೇಲೆ ಸಂಬಳ ಏಳನೆಯ ತಾರೀಖಿನಿಂದ ಹದಿನೈದಕ್ಕೆ ಜಾರುತ್ತದೆ, ಒಂದು ಲೈನ್‌ನ ಯಂತ್ರಗಳು 'ಇನ್ನೊಂದು ಯೂನಿಟ್‌ಗೆ' ಹೋಗುತ್ತವೆ, ಕೊನೆಗೊಂದು ಬೆಳಿಗ್ಗೆ ಗೇಟಿಗೆ ಬೀಗ. ಎಚ್‌ಆರ್ ಮೊಬೈಲ್ ಸ್ವಿಚ್ ಆಫ್. ಈ ಹಂತದಲ್ಲಿ ಕಾರ್ಮಿಕ ಇಲಾಖೆಗೆ ಹೋಗುವ ಹೆಚ್ಚಿನ ಅರ್ಜಿಗಳಲ್ಲಿ ಇರುವುದು ಒಂದೇ ಸಾಲು: 'ನಮಗೆ ಬರಬೇಕಾದ ಹಣ ಕೊಡಿಸಿಕೊಡಿ.' ಎಷ್ಟು ಹಣ, ಯಾವ ಬಾಬ್ತು, ಯಾವ ದಿನದೊಳಗೆ ಕೊಡಬೇಕಿತ್ತು ಎಂಬುದು ಅರ್ಜಿಯಲ್ಲಿ ಇಲ್ಲದಿದ್ದರೆ, ಮಾಲೀಕರ ಕಡೆಯವರು ಅಧಿಕಾರಿಯ ಮುಂದೆ ಬಂದು ಒಂದು ತಿಂಗಳ ಸಂಬಳದ ಚೆಕ್ ತೋರಿಸಿ 'ಎಲ್ಲ ಮುಗಿಸಿದ್ದೇವೆ' ಎಂದು ಹೊರಟುಬಿಡಬಹುದು.

ಆದ್ದರಿಂದ ಪತ್ರಕ್ಕೆ ಕೈ ಹಾಕುವ ಮೊದಲು ಲೆಕ್ಕ ಹಾಕಬೇಕು. ಅದಕ್ಕೊಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್ ಘಟಕ, ಸುಮಾರು 220 ಕಾರ್ಮಿಕರು. ಅಲ್ಲಿ ಟೈಲರ್ ಆಗಿದ್ದ ಒಬ್ಬ ಮಹಿಳೆ 2015ರ ಜೂನ್ 10ರಂದು ಸೇರಿದವರು. ಘಟಕ ಮುಚ್ಚಿದ್ದು 2026ರ ಜನವರಿ 31ರಂದು. ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 14,300 ರೂಪಾಯಿ. ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡ ಅಂಕಿ ಇದು. ನಿಮ್ಮದನ್ನು ಅದರ ಜಾಗದಲ್ಲಿ ಹಾಕಿಕೊಳ್ಳಿ.

ಮುಚ್ಚಿದ ದಿನಾಂಕ ಯಾವುದು?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದಕ್ಕೆ ಮೊದಲು ಮುಚ್ಚಿದ ಕಾರ್ಖಾನೆಯಾದರೆ ವೇತನ ಪಾವತಿ ಕಾಯ್ದೆ, ಕೈಗಾರಿಕಾ ವಿವಾದ ಕಾಯ್ದೆ, 1972ರ ಗ್ರಾಚ್ಯುಟಿ ಕಾಯ್ದೆಗಳ ಹೆಸರಿನಲ್ಲಿ ಕೇಳಬೇಕು. ಆ ದಿನದ ನಂತರ ಮುಚ್ಚಿದ್ದರೆ ವೇತನ ಸಂಹಿತೆ, ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತು ಸಾಮಾಜಿಕ ಭದ್ರತಾ ಸಂಹಿತೆಗಳ ಅಡಿಯಲ್ಲಿ. ಹಣದ ಲೆಕ್ಕ ಎರಡರಲ್ಲೂ ಬಹುಮಟ್ಟಿಗೆ ಒಂದೇ. ಬದಲಾಗಿರುವ ಎರಡು ಸಂಗತಿಗಳು ಮಾತ್ರ ಮುಖ್ಯ.

ಒಂದು, ಸರ್ಕಾರದ ಅನುಮತಿ. ಹಳೆಯ ಕಾನೂನಿನಲ್ಲಿ ನೂರು ಮತ್ತು ಅದಕ್ಕೂ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಸರ್ಕಾರದ ಅನುಮತಿ ಇಲ್ಲದೆ ಮುಚ್ಚುವಂತಿರಲಿಲ್ಲ. ಈಗ ಆ ಮಿತಿ ಮುನ್ನೂರಕ್ಕೆ ಏರಿದೆ. ನಮ್ಮ ಉದಾಹರಣೆಯ 220 ಜನರ ಘಟಕ 2025ರ ಅಕ್ಟೋಬರ್‌ನಲ್ಲಿ ಮುಚ್ಚಿದ್ದರೆ ಅನುಮತಿ ಬೇಕಿತ್ತು. 2026ರ ಜನವರಿಯಲ್ಲಿ ಬೇಕಿಲ್ಲ. ಆದರೆ ಐವತ್ತು ಮತ್ತು ಅದಕ್ಕೂ ಹೆಚ್ಚು ಜನರಿದ್ದ ಘಟಕ ಮುಚ್ಚುವ ಅರವತ್ತು ದಿನ ಮೊದಲೇ ಸರ್ಕಾರಕ್ಕೆ ನೋಟಿಸ್ ಕೊಡಬೇಕೆಂಬ ನಿಯಮ ಆಗಲೂ ಇತ್ತು, ಈಗಲೂ ಇದೆ. ಆ ನೋಟಿಸ್ ಬಂದಿತ್ತೇ ಎಂದು ಪತ್ರದಲ್ಲೇ ಕೇಳಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ.

ಇನ್ನೊಂದು, ಯಾರು ಕೇಳಬಹುದು ಎಂಬುದು. ಹಳೆಯ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿಗಿಂತ ಹೆಚ್ಚು ಪಡೆಯುವವರಿಗೆ ಅನ್ವಯಿಸುತ್ತಿರಲಿಲ್ಲ, ತಗಾದೆ ಸಲ್ಲಿಸಲು ಇದ್ದ ಅವಧಿ ಹನ್ನೆರಡು ತಿಂಗಳು. ವೇತನ ಸಂಹಿತೆಯಲ್ಲಿ ಸಂಬಳದ ಆ ಮಿತಿ ಇಲ್ಲ, ಅವಧಿ ಮೂರು ವರ್ಷ. ಹಾಗಾಗಿ ಸೂಪರ್‌ವೈಸರ್, ಮ್ಯಾನೇಜರ್, ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ ಎಲ್ಲರೂ ಬಾಕಿ ಸಂಬಳಕ್ಕಾಗಿ ಬರೆಯಬಹುದು. ಮುಂದೆ ಹೇಳುವ ಮುಚ್ಚುವಿಕೆ ಪರಿಹಾರ ಮಾತ್ರ 'ಕಾರ್ಮಿಕ' ಎಂಬ ವ್ಯಾಖ್ಯೆಗೆ ಒಳಪಡುವವರಿಗೆ. ಆಡಳಿತದ ಹುದ್ದೆಯಲ್ಲಿದ್ದವರಿಗೆ ಅದು ಸಿಗುವುದಿಲ್ಲ.

ಲೆಕ್ಕ

ಬಾಕಿ ಸಂಬಳದಿಂದ ಶುರು ಮಾಡೋಣ. ಜನವರಿ ತಿಂಗಳ 14,300 ರೂಪಾಯಿ ಬಂದಿಲ್ಲ. ಘಟಕ ಮುಚ್ಚಿ ಕೆಲಸ ಹೋದಾಗ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಸಂಬಳ ಕೊಡಬೇಕು. ವೇತನ ಸಂಹಿತೆಯ 17ನೆಯ ಕಲಂ ಹೀಗೆನ್ನುತ್ತದೆ. 'ಮುಂದಿನ ತಿಂಗಳ ಏಳಕ್ಕೆ ಕೊಡುತ್ತೇವೆ' ಎಂಬ ಮಾತು ನಡೆಯುತ್ತಿರುವ ಕಾರ್ಖಾನೆಗೆ ಸರಿ, ಮುಚ್ಚಿದ್ದಕ್ಕಲ್ಲ. ಬಳಸದೆ ಉಳಿದ ಗಳಿಕೆ ರಜೆ ಹದಿನೆಂಟು ದಿನ. ದಿನದ ಸಂಬಳ 14,300 ಭಾಗಿಸು 26, ಅಂದರೆ 550 ರೂಪಾಯಿ. ಹದಿನೆಂಟು ದಿನಕ್ಕೆ 9,900. ಮುಚ್ಚುವ ಒಂದು ತಿಂಗಳ ಮೊದಲು ಕಾರ್ಮಿಕರಿಗೆ ಲಿಖಿತ ನೋಟಿಸ್ ಕೊಡಬೇಕಿತ್ತು. ಕೊಟ್ಟಿಲ್ಲವಾದ್ದರಿಂದ ಅದರ ಬದಲು ಒಂದು ತಿಂಗಳ ಸಂಬಳ, ಮತ್ತೆ 14,300.

ಇಲ್ಲಿಂದ ಮುಂದಿನ ಎರಡು ಬಾಬ್ತುಗಳಲ್ಲೇ ಹೆಚ್ಚಿನವರು ಹಣ ಕಳೆದುಕೊಳ್ಳುವುದು. ಎರಡರಲ್ಲೂ 'ವರ್ಷಕ್ಕೆ ಹದಿನೈದು ದಿನದ ಸಂಬಳ' ಎಂದೇ ಇರುವುದರಿಂದ ಎರಡೂ ಒಂದೇ ಎಂದು ನಂಬಿಸುವುದು ಸುಲಭ. ಮುಚ್ಚುವಿಕೆ ಪರಿಹಾರ ಬೇರೆ, ಗ್ರಾಚ್ಯುಟಿ ಬೇರೆ. ಒಂದನ್ನು ಕೊಟ್ಟರೆ ಇನ್ನೊಂದು ತೀರುವುದಿಲ್ಲ.

ಸೇವಾವಧಿ ಹತ್ತು ವರ್ಷ, ಏಳು ತಿಂಗಳು, ಚಿಲ್ಲರೆ ದಿನ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚಿರುವ ತುಣುಕನ್ನು ಎರಡೂ ಲೆಕ್ಕಗಳಲ್ಲಿ ಒಂದು ವರ್ಷವೆಂದೇ ಹಿಡಿಯಬೇಕು. ಹಾಗಾಗಿ ಹನ್ನೊಂದು ವರ್ಷ. ಗ್ರಾಚ್ಯುಟಿಗೆ ತಿಂಗಳನ್ನು 26 ದಿನ ಎಂದು ಎಣಿಸುವುದರಿಂದ ಹದಿನೈದು ದಿನ ಎಂದರೆ 550 ಗುಣಿಸು 15, ಅಂದರೆ 8,250. ಹನ್ನೊಂದು ವರ್ಷಕ್ಕೆ 90,750. ಮುಚ್ಚುವಿಕೆ ಪರಿಹಾರದಲ್ಲಿ ಹದಿನೈದು ದಿನವೆಂದರೆ ತಿಂಗಳ ಸರಾಸರಿ ಸಂಬಳದ ಅರ್ಧ. ಈ ಲೆಕ್ಕಕ್ಕೆ 26ರ ಸೂತ್ರ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಆದ್ದರಿಂದ 7,150 ಗುಣಿಸು 11, ಅಂದರೆ 78,650. ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕು. ಮುಚ್ಚುವಿಕೆ ಪರಿಹಾರಕ್ಕೆ ಒಂದು ವರ್ಷದ ನಿರಂತರ ಸೇವೆ ಸಾಕು. ಮೂರು ವರ್ಷ ದುಡಿದ ಹೆಲ್ಪರ್ ಕೂಡ ಅದನ್ನು ಕೇಳಬೇಕು.

'ಆರ್ಡರ್ ಇಲ್ಲ, ನಷ್ಟ, ಕೈಮೀರಿದ ಪರಿಸ್ಥಿತಿ' ಎಂದು ಮಾಲೀಕರು ಹೇಳುವುದುಂಟು. ನಿಜಕ್ಕೂ ಕೈಮೀರಿದ ಕಾರಣವಾದರೆ ಪರಿಹಾರ ಮೂರು ತಿಂಗಳ ಸರಾಸರಿ ಸಂಬಳಕ್ಕಿಂತ ಹೆಚ್ಚಬೇಕಿಲ್ಲ ಎಂಬ ವಿನಾಯಿತಿ ಕಾನೂನಿನಲ್ಲಿದೆ. ಆದರೆ ಹಣಕಾಸಿನ ತೊಂದರೆ, ನಷ್ಟ, ಮಾರಾಟವಾಗದೆ ಉಳಿದ ಸರಕು, ಮುಗಿದ ಕಟ್ಟಡದ ಲೀಸ್ ಇವಷ್ಟರಿಂದಲೇ ಆ ವಿನಾಯಿತಿ ಸಿಗುವುದಿಲ್ಲ ಎಂದೂ ಅಲ್ಲೇ ಬರೆದಿದೆ.

ಬೋನಸ್ ವಿಷಯ ಸ್ವಲ್ಪ ಬೇರೆ. 2025ರ ಏಪ್ರಿಲ್‌ನಿಂದ ಜನವರಿವರೆಗಿನ ಹತ್ತು ತಿಂಗಳ ದುಡಿಮೆಗೆ ಕನಿಷ್ಠ ಶೇ 8.33ರಂತೆ ಬೋನಸ್ ಬರಬೇಕು, ಆದರೆ ಅದನ್ನು ಕೊಡಲು ಲೆಕ್ಕದ ವರ್ಷ ಮುಗಿದ ಮೇಲೆ ಎಂಟು ತಿಂಗಳ ಗಡುವಿದೆ. ಈಗಲೇ ಬಾಕಿ ಎಂದು ಸೇರಿಸಿದರೆ ಎದುರು ಪಕ್ಷ ಅದೊಂದನ್ನೇ ಹಿಡಿದು ಇಡೀ ಲೆಕ್ಕ ತಪ್ಪು ಎನ್ನುತ್ತದೆ. ಹಕ್ಕು ಕಾಯ್ದಿರಿಸಿದ್ದೇವೆ ಎಂದು ಒಂದು ಸಾಲು ಬರೆದರೆ ಸಾಕು.

ಪೇ ಸ್ಲಿಪ್‌ನಲ್ಲಿ ಮೂಲ ವೇತನ ಚಿಕ್ಕದು, ಭತ್ಯೆಗಳು ದೊಡ್ಡವು ಆಗಿದ್ದರೆ ಒಂದು ಮಾತು. ಹೊಸ ಸಂಹಿತೆಗಳಲ್ಲಿ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗವನ್ನು 'ವೇತನ'ಕ್ಕೆ ಸೇರಿಸಬೇಕು. ಗ್ರಾಚ್ಯುಟಿ ಲೆಕ್ಕ ಆಗ ಏರುತ್ತದೆ.

ಕಾಗದಗಳು

ನೇಮಕಾತಿ ಪತ್ರ ಇಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಪಿಎಫ್ ಪಾಸ್‌ಬುಕ್ ಅದಕ್ಕಿಂತ ಗಟ್ಟಿ ಸಾಕ್ಷಿ, ಏಕೆಂದರೆ ಅದರಲ್ಲಿರುವುದೆಲ್ಲ ಮಾಲೀಕರೇ ಸರ್ಕಾರಕ್ಕೆ ಕೊಟ್ಟ ಮಾಹಿತಿ. ಯುಎಎನ್ ಹಾಕಿ ಸೇವಾ ವಿವರ ತೆರೆದರೆ ಸೇರಿದ ದಿನಾಂಕ, ಸಂಸ್ಥೆಯ ಹೆಸರು, ತಿಂಗಳ ವೇತನ ಸಿಗುತ್ತವೆ. ಅಲ್ಲೇ ಬಿಟ್ಟ ಕಾರಣ ಎಂಬ ಕಾಲಂ ನೋಡಿ. ಮುಚ್ಚಿದ್ದರ ಬದಲು ರಾಜೀನಾಮೆ ಎಂದು ತುಂಬಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಪತ್ರದಲ್ಲಿ ಆಕ್ಷೇಪಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್, ಇಎಸ್‌ಐ ಕಾರ್ಡ್, ಗುರುತಿನ ಚೀಟಿ, ಗೇಟಿಗೆ ಅಂಟಿಸಿದ ಚೀಟಿಯ ಫೋಟೊ, ಸೂಪರ್‌ವೈಸರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಇವೆಲ್ಲ ಇರಲಿ.

ಸಂಸ್ಥೆಯ ಹೆಸರನ್ನು ಗೇಟಿನ ಬೋರ್ಡ್ ನೋಡಿ ಬರೆಯಬೇಡಿ. ಬೋರ್ಡಿನಲ್ಲಿರುವುದು ಬ್ರ್ಯಾಂಡ್ ಹೆಸರಾಗಿರಬಹುದು. ಹೊಣೆಗಾರ ಕಂಪನಿ ಪಿಎಫ್ ಪಾಸ್‌ಬುಕ್‌ನಲ್ಲಿರುವುದು. ಆ ಹೆಸರನ್ನು mca.gov.in ತಾಣದಲ್ಲಿ ಹುಡುಕಿದರೆ ನೋಂದಾಯಿತ ಕಚೇರಿಯ ವಿಳಾಸ ಸಿಗುತ್ತದೆ. ಬೀಗ ಬಿದ್ದ ಕಾರ್ಖಾನೆಯ ವಿಳಾಸಕ್ಕಷ್ಟೇ ನೋಟಿಸ್ ಹೋದರೆ ಅದು ತಿರುಗಿ ಬರುತ್ತದೆ, ವಿಚಾರಣೆ ಮುಂದೆ ಹೋಗುತ್ತದೆ.

ಈಗ ರಾಜೀನಾಮೆಯ ವಿಷಯ. ಮುಚ್ಚುವ ಕೆಲವು ವಾರ ಮೊದಲು ಒಬ್ಬೊಬ್ಬರನ್ನೇ ಕರೆದು, 'ಸಹಿ ಹಾಕಿದರೆ ಪಿಎಫ್ ಬೇಗ ಬರುತ್ತದೆ' ಎಂದು ಮುದ್ರಿತ ರಾಜೀನಾಮೆಗೆ ಸಹಿ ಪಡೆಯುವುದು ಈ ಉದ್ಯಮದಲ್ಲಿ ಹಳೆಯ ಚಾಳಿ. ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ ಉಳಿಯುತ್ತದೆ, ಮುಚ್ಚುವಿಕೆ ಪರಿಹಾರ ಮತ್ತು ನೋಟಿಸ್ ಸಂಬಳ ಹೋಗುತ್ತವೆ. ನಮ್ಮ ಉದಾಹರಣೆಯಲ್ಲಿ ಆ ಒಂದು ಸಹಿಯ ಬೆಲೆ 92,950 ರೂಪಾಯಿ. ಈಗಾಗಲೇ ಸಹಿ ಹಾಕಿದ್ದರೆ ಮುಚ್ಚಿಡಬೇಡಿ. ಯಾವ ದಿನ, ಯಾರು, ಏನು ಹೇಳಿ ಸಹಿ ಪಡೆದರು, ಅದೇ ವಾರದಲ್ಲಿ ಎಷ್ಟು ಜನರಿಂದ ಅದೇ ಮಾದರಿಯ ಕಾಗದ ಪಡೆದರು ಎಂದು ಬರೆಯಿರಿ. ಇನ್ನೂರು ಜನ ಒಂದೇ ವಾರ ಒಂದೇ ಒಕ್ಕಣೆಯಲ್ಲಿ ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟರು ಎಂದರೆ ನಂಬುವವರು ಕಡಿಮೆ.

ಯಾರಿಗೆ ಬರೆಯಬೇಕು

ನೀವು ವಾಸವಿರುವ ಊರಿನ ಕಚೇರಿಗಲ್ಲ, ಕಾರ್ಖಾನೆ ಇರುವ ಪ್ರದೇಶದ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರಿಗೆ. ಕನಕಪುರದಿಂದ ಪೀಣ್ಯಕ್ಕೆ ಬಂದು ದುಡಿದವರೂ ಪೀಣ್ಯದ ವ್ಯಾಪ್ತಿಯ ಅಧಿಕಾರಿಗೇ ಬರೆಯಬೇಕು. ಬೆಂಗಳೂರಿನಲ್ಲಿ ಯಾವ ವಿಭಾಗ ಎಂದು ತಿಳಿಯದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ಪಿಎಫ್ ಹಣ ಕಟ್ಟಿಲ್ಲವೆಂಬ ದೂರನ್ನು ಈ ಪತ್ರದಲ್ಲಿ ಬೆರೆಸಬೇಡಿ. ಅದು ಕೇಂದ್ರದ ಭವಿಷ್ಯ ನಿಧಿ ಕಚೇರಿಗೆ ಹೋಗಬೇಕಾದ ಬೇರೆ ದೂರು.

ಎಲ್ಲರೂ ಸೇರಿ ಒಂದು ಪತ್ರ, ಜೊತೆಗೆ ಪ್ರತಿಯೊಬ್ಬರ ಹೆಸರು, ಯುಎಎನ್, ಸೇರಿದ ದಿನ, ಸಂಬಳ ಮತ್ತು ಬಾಬ್ತುವಾರು ಬಾಕಿ ಇರುವ ಪಟ್ಟಿ ಕೊಡುವುದು ಒಳ್ಳೆಯದು. ಗ್ರಾಚ್ಯುಟಿಗೆ ಮಾತ್ರ ಪ್ರತಿಯೊಬ್ಬರೂ ಮಾಲೀಕರಿಗೆ ಬೇರೆ ಅರ್ಜಿ ಕಳಿಸಿರಬೇಕು. ಅದನ್ನು ಕೊಡಲು ಮಾಲೀಕರಿಗೆ ಮೂವತ್ತು ದಿನ ಇರುತ್ತದೆ, ನಮ್ಮ ಉದಾಹರಣೆಯಲ್ಲಿ ಮಾರ್ಚ್ 2ರವರೆಗೆ. ಹಾಗೆಂದು ಇಲಾಖೆಗೆ ಬರೆಯಲು ಅಲ್ಲಿಯವರೆಗೆ ಕಾಯಬೇಡಿ. ಆ ಮೂವತ್ತು ದಿನದಲ್ಲಿ ಯಂತ್ರಗಳೆಲ್ಲ ಲಾರಿ ಹತ್ತಿರುತ್ತವೆ. ಗ್ರಾಚ್ಯುಟಿಯ ಗಡುವನ್ನು ಪತ್ರದಲ್ಲೇ ನಮೂದಿಸಿ ಉಳಿದುದನ್ನು ಈಗಲೇ ಕೇಳಿ.

ಪತ್ರದ ಮಾದರಿ

ಒಬ್ಬರೇ ಬರೆಯುವುದಾದರೆ ಹೀಗೆ:

> ದಿನಾಂಕ: 10-02-2026
>
> ಇವರಿಗೆ,
> ಸಹಾಯಕ ಕಾರ್ಮಿಕ ಆಯುಕ್ತರು,
> (ವಿಭಾಗ), ಬೆಂಗಳೂರು
>
> ಇವರಿಂದ,
> (ಹೆಸರು, ವಿಳಾಸ, ಮೊಬೈಲ್, ನೌಕರರ ಗುರುತಿನ ಸಂಖ್ಯೆ, ಯುಎಎನ್)
>
> ಎದುರುದಾರರು: (ಕಂಪನಿಯ ಪೂರ್ಣ ಹೆಸರು, ಕಾರ್ಖಾನೆಯ ವಿಳಾಸ, ನೋಂದಾಯಿತ ಕಚೇರಿಯ ವಿಳಾಸ)
>
> ವಿಷಯ: ಕಾರ್ಖಾನೆ ಮುಚ್ಚಿದ ನಂತರ ಅಂತಿಮ ಬಾಕಿ ಪಾವತಿಸದಿರುವ ಬಗ್ಗೆ.
>
> ಮಾನ್ಯರೇ,
>
> ನಾನು ಮೇಲ್ಕಂಡ ಕಾರ್ಖಾನೆಯಲ್ಲಿ 10-06-2015ರಿಂದ ಟೈಲರ್ ಆಗಿ ನಿರಂತರವಾಗಿ ಕೆಲಸ ಮಾಡಿದ್ದೇನೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಒಟ್ಟು ರೂ. 14,300. ಆಡಳಿತ ವರ್ಗವು 31-01-2026ರಂದು ಯಾವುದೇ ಲಿಖಿತ ನೋಟಿಸ್ ನೀಡದೆ ಕಾರ್ಖಾನೆಯನ್ನು ಮುಚ್ಚಿದೆ. ಆಗ ಅಲ್ಲಿ ಸುಮಾರು 220 ಕಾರ್ಮಿಕರಿದ್ದರು. ನಾನು ರಾಜೀನಾಮೆ ನೀಡಿಲ್ಲ.
>
> ಈಗಾಗಲೇ ಪಾವತಿಸಬೇಕಾಗಿದ್ದ ಮೊತ್ತ:
> 1. ಜನವರಿ 2026ರ ವೇತನ: ರೂ. 14,300
> 2. ಗಳಿಕೆ ರಜೆ 18 ದಿನ: ರೂ. 9,900
> 3. ನೋಟಿಸ್ ಬದಲು ಒಂದು ತಿಂಗಳ ವೇತನ: ರೂ. 14,300
> 4. ಮುಚ್ಚುವಿಕೆ ಪರಿಹಾರ, 11 ವರ್ಷಕ್ಕೆ: ರೂ. 78,650
> ಒಟ್ಟು ರೂ. 1,17,150
>
> ಇದಲ್ಲದೆ ರೂ. 90,750 ಗ್ರಾಚ್ಯುಟಿಗಾಗಿ ಮಾಲೀಕರಿಗೆ ಪ್ರತ್ಯೇಕ ಅರ್ಜಿ ಕಳುಹಿಸಿದ್ದೇನೆ (ಪ್ರತಿ ಲಗತ್ತಿಸಿದೆ). ಅದರ ಗಡುವು 02-03-2026ಕ್ಕೆ ಮುಗಿಯುತ್ತದೆ. 2025-26ನೇ ಸಾಲಿನ ಬೋನಸ್ ಪಡೆಯುವ ಹಕ್ಕನ್ನು ಕಾಯ್ದಿರಿಸಿದ್ದೇನೆ.
>
> ವೇತನ ಸಂಹಿತೆ 2019ರ ಕಲಂ 17, ಕೈಗಾರಿಕಾ ಸಂಬಂಧಗಳ ಸಂಹಿತೆ 2020ರ ಕಲಂ 75 ಹಾಗೂ ಸಾಮಾಜಿಕ ಭದ್ರತಾ ಸಂಹಿತೆ 2020ರ ಕಲಂ 53ರ ಅನ್ವಯ ಕೋರುವುದೇನೆಂದರೆ:
>
> (ಅ) ಎದುರುದಾರರನ್ನು ವೇತನ ಮತ್ತು ಹಾಜರಾತಿ ದಾಖಲೆಗಳೊಂದಿಗೆ ವಿಚಾರಣೆಗೆ ಕರೆದು ಮೇಲಿನ ಮೊತ್ತವನ್ನು ಕೊಡಿಸಬೇಕು.
> (ಆ) ಮುಚ್ಚುವ 60 ದಿನ ಮೊದಲು ಸರ್ಕಾರಕ್ಕೆ ನೋಟಿಸ್ ಸಲ್ಲಿಕೆಯಾಗಿತ್ತೇ ಎಂದು ತಿಳಿಸಿ, ಆಗಿದ್ದಲ್ಲಿ ಅದರ ಪ್ರತಿ ನೀಡಬೇಕು.
> (ಇ) ಕಾರ್ಖಾನೆಯಿಂದ ಯಂತ್ರಗಳನ್ನು ಸಾಗಿಸಲಾಗುತ್ತಿರುವುದನ್ನು ಸ್ಥಳ ಪರಿಶೀಲಿಸಿ ದಾಖಲಿಸಬೇಕು.
> (ಈ) ಇತ್ಯರ್ಥವಾಗದಿದ್ದಲ್ಲಿ ಲಿಖಿತ ಹಿಂಬರಹ ನೀಡಿ, ವಸೂಲಾತಿಗೆ ಮುಂದಿನ ಕ್ರಮ ಜರುಗಿಸಬೇಕು.
>
> ಲಗತ್ತು: (ದಾಖಲೆಗಳ ಪಟ್ಟಿ)
>
> ತಮ್ಮ ವಿಶ್ವಾಸಿ,
> (ಸಹಿ)

ಮಾಲೀಕರನ್ನು ಬೈಯುವ ವಾಕ್ಯಗಳನ್ನೂ ಮನೆಯ ಕಷ್ಟಗಳನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕಷ್ಟ ಸುಳ್ಳಲ್ಲ. ಆದರೆ ಅಧಿಕಾರಿ ನೋಟಿಸ್ ಹೊರಡಿಸಬೇಕಾದರೆ ಹುಡುಕುವುದು ದಿನಾಂಕ, ವಿಳಾಸ ಮತ್ತು ಮೊತ್ತ. ಅವು ಮೊದಲ ಪುಟದಲ್ಲೇ ಕಣ್ಣಿಗೆ ಬೀಳಬೇಕು.

ಕೊಟ್ಟ ಮೇಲೆ

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ ಬೀಳದೆ ಅಲ್ಲಿಂದ ಹೊರಡಬೇಡಿ. ಮಾಲೀಕರ ಎರಡೂ ವಿಳಾಸಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪ್ರತಿ ಕಳುಹಿಸಿ. 'ಬೀಗ ಹಾಕಿದೆ' ಎಂಬ ಷರಾದೊಂದಿಗೆ ಲಕೋಟೆ ಮರಳಿದರೆ ಒಡೆಯದೆ ಇಟ್ಟುಕೊಳ್ಳಿ, ಕಾರ್ಖಾನೆ ಮುಚ್ಚಿತ್ತೆಂಬುದಕ್ಕೆ ಅಂಚೆ ಇಲಾಖೆಯೇ ಬರೆದುಕೊಟ್ಟ ಸಾಕ್ಷಿ ಅದು.

ಈ ಪತ್ರದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ತಿಳಿದಿರಲಿ. ಅಧಿಕಾರಿ ಎರಡೂ ಕಡೆಯವರನ್ನು ಕರೆದು ಮಾತಾಡಿಸುತ್ತಾರೆ. ಬಹಳಷ್ಟು ಪ್ರಕರಣಗಳು ಅಲ್ಲೇ ಒಪ್ಪಂದಕ್ಕೆ ಬರುತ್ತವೆ. ಬರದಿದ್ದರೆ ಇದೇ ಪತ್ರ ಆದೇಶವಾಗುವುದಿಲ್ಲ: ಸಂಬಳದ ಬಾಕಿಗೆ ವೇತನ ತಗಾದೆಯ ಪ್ರಾಧಿಕಾರಿಯ ಮುಂದೆ, ಗ್ರಾಚ್ಯುಟಿಗೆ ಅದರ ಸಕ್ಷಮ ಪ್ರಾಧಿಕಾರಿಯ ಮುಂದೆ ನಿಗದಿತ ನಮೂನೆಯಲ್ಲಿ ಬೇರೆ ಬೇರೆ ಅರ್ಜಿ ಹಾಕಬೇಕು. ವೇತನ ತಗಾದೆಯಲ್ಲಿ ಮೂಲ ಮೊತ್ತದ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಪ್ರಾಧಿಕಾರಿಗಿದೆ, ಗ್ರಾಚ್ಯುಟಿ ತಡವಾದರೆ ಬಡ್ಡಿ ಬರುತ್ತದೆ. ಆದೇಶವಾದ ಮೇಲೂ ಕೊಡದಿದ್ದರೆ ವಸೂಲಾತಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗಿ, ಭೂಕಂದಾಯ ಬಾಕಿಯಂತೆ ವಸೂಲಾಗುತ್ತದೆ. ಒಪ್ಪಂದದ ದಿನ ಕಡಿಮೆ ಮೊತ್ತದ ಚೆಕ್ ಕೊಟ್ಟು 'ಎಲ್ಲ ಬಾಕಿ ಸಂದಾಯವಾಗಿದೆ' ಎಂಬ ವೋಚರ್ ಮುಂದಿಟ್ಟರೆ, ಹಣ ಯಾವ ಬಾಬ್ತಿನದೆಂದು ನಮೂದಿಸಿ 'ಉಳಿದ ಬಾಕಿಯ ಹಕ್ಕಿಗೆ ಒಳಪಟ್ಟು ಸ್ವೀಕರಿಸಿದ್ದೇನೆ' ಎಂದು ಕೈಯಲ್ಲೇ ಬರೆದು ಸಹಿ ಮಾಡಿ.

ಗ್ರಾಚ್ಯುಟಿಗೆ ವಿಮೆ ಇತ್ತೇ ಎಂದು ಮೊದಲ ವಿಚಾರಣೆಯಲ್ಲೇ ಕೇಳಿ. ಕರ್ನಾಟಕದಲ್ಲಿ 2024ರ ನಿಯಮಗಳ ಪ್ರಕಾರ ಮಾಲೀಕರು ಕಡ್ಡಾಯವಾಗಿ ಗ್ರಾಚ್ಯುಟಿ ವಿಮೆ ಮಾಡಿಸಬೇಕು. ಮಾಡಿಸಿದ್ದರೆ, ಕಂಪನಿಯ ಖಾತೆ ಬರಿದಾಗಿದ್ದರೂ ವಿಮಾ ಸಂಸ್ಥೆಯಲ್ಲಿ ಹಣ ಇರುತ್ತದೆ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಮಾತ್ರ ದಾರಿ ಪೂರ್ತಿ ಬದಲಾಗುತ್ತದೆ. ಇಂಥ ಪ್ರಕರಣ ನೋಡುವ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ಅರ್ಜಿಯನ್ನು ಅಂಗೀಕರಿಸಿದ ದಿನದಿಂದ ಕಂಪನಿಯ ಮೇಲಿನ ಉಳಿದ ವಸೂಲಾತಿಗಳಿಗೆ ತಡೆ ಬೀಳುತ್ತದೆ, ಕಾರ್ಮಿಕ ಅಧಿಕಾರಿಯ ಕೈಯೂ ಕಟ್ಟಿಹೋಗುತ್ತದೆ. ಆಗ ಇದೇ ಲೆಕ್ಕವನ್ನು, ಇದೇ ದಾಖಲೆಗಳೊಂದಿಗೆ, ನೇಮಕಗೊಂಡ ದಿವಾಳಿ ವೃತ್ತಿಪರರಿಗೆ ಫಾರ್ಮ್ ಡಿಯಲ್ಲಿ ಸಲ್ಲಿಸಬೇಕು. ಈ ಪ್ರಕ್ರಿಯೆಯ ಪ್ರಕಟಣೆ ಪತ್ರಿಕೆಗಳಲ್ಲಿ ಮತ್ತು ibbi.gov.in ತಾಣದಲ್ಲಿ ಬರುತ್ತದೆ, ಅದರಲ್ಲಿ ಕೊನೆಯ ದಿನಾಂಕವೂ ಇರುತ್ತದೆ. ಆಸ್ತಿ ಮಾರಿ ಸಾಲ ತೀರಿಸುವ ಸಮಾಪನೆಗೆ ಕಂಪನಿ ಹೋದರೆ ಹಿಂದಿನ ಇಪ್ಪತ್ತನಾಲ್ಕು ತಿಂಗಳ ಕಾರ್ಮಿಕರ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಮಾನ ಸ್ಥಾನವಿದೆ. ಆದರೆ ಫಾರ್ಮ್ ಸಲ್ಲಿಸದವರ ಹೆಸರು ಆ ಪಟ್ಟಿಗೆ ತಾನಾಗಿ ಸೇರುವುದಿಲ್ಲ. ಹಾಗಾಗಿ ಇಲಾಖೆಗೆ ಪತ್ರ ಕೊಡುವ ದಿನವೇ ಕಂಪನಿಯ ಹೆಸರನ್ನು ಆ ತಾಣದಲ್ಲಿ ಒಮ್ಮೆ ಹುಡುಕಿ, ಪ್ರಕರಣ ನಡೆಯುವವರೆಗೆ ಆಗಾಗ ನೋಡುತ್ತಿರಿ.